ಇನ್ಸುಲಿನ್ ಸೂಜಿಯ ದಾಖಲೆಯಿಂದ ಜಾಗ ಬದಲಾವಣೆಯ ಪಟ್ಟಿ ಮಾಡುವುದು: ಸಮಯ ಮತ್ತು ತಪ್ಪಿದ ಡೋಸುಗಳ ಸಹಿತ

ಅಂಕೋಲಾ, ಕುಮಟಾ ಕಡೆಯ ಮನೆಗಳಿಗೆ ಹೋಗಿ ಸಕ್ಕರೆ ಕಾಯಿಲೆಯವರ ಆರೈಕೆ ನೋಡುವ ನರ್ಸ್ ಕೆಲಸದಲ್ಲಿ ನಾನು ಮೇಲಿಂದ ಮೇಲೆ ಕಾಣುವ ತಪ್ಪು ಒಂದೇ. ಮನೆಯವರು ಸೂಜಿಯ ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆದಿರುತ್ತಾರೆ. ಯಾವ ಡೋಸನ್ನು ಯಾವಾಗ, ಮೈಯ ಯಾವ ಜಾಗಕ್ಕೆ ಹಾಕಿದಿರಿ ಎಂದು ಪಟ್ಟಿ ಮಾಡಿಕೊಂಡು ಬನ್ನಿ ಎಂದು ಡಾಕ್ಟರು ಹೇಳಿದಾಗ ಹಿಂದಿನ ರಾತ್ರಿ ಕುಳಿತು, ಪುಸ್ತಕದಲ್ಲಿ ಖಾಲಿ ಇದ್ದ ಮನೆಗಳನ್ನೆಲ್ಲ, ಅಂದರೆ ಏನೂ ಬರೆಯದ ಚೌಕಗಳನ್ನೆಲ್ಲ, ಒಂದೇ ಪೆನ್ನಿನಲ್ಲಿ ತುಂಬಿ, ಅಚ್ಚುಕಟ್ಟಾದ ಹಾಳೆಯೊಂದನ್ನು ತರುತ್ತಾರೆ. ಆ ಹಾಳೆಯಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಯಾವ ಡೋಸು ನಿಜಕ್ಕೂ ಬಿಟ್ಟುಹೋಯಿತು, ಯಾವುದನ್ನು ಬೇಕೆಂದೇ ಹಾಕಲಿಲ್ಲ, ಯಾವುದನ್ನು ಹಾಕಿ ಬರೆಯಲು ಮರೆತರು ಎಂಬ ಮೂರೂ ಸಂಗತಿಗಳು ಒಂದೇ ಶಾಯಿಯಲ್ಲಿ ಕರಗಿಹೋಗಿರುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಖಾಲಿ ಮನೆಗಳ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಒಂದೇ ಮನೆಯ 14 ದಿನಗಳ ದಾಖಲೆಯನ್ನು ಕೊನೆಯವರೆಗೂ ಬಳಸುತ್ತೇನೆ. ಊರು ಮತ್ತು ಹೆಸರು ಬಿಟ್ಟಿದ್ದೇನೆ. ರೋಗಿ ನಿವೃತ್ತ ಮಾಸ್ತರು, ಸೂಜಿ ಹಾಕುವವರು ಅವರ ಹೆಂಡತಿ. ಔಷಧ 30/70 ಮಿಶ್ರ ಮಾನವ ಇನ್ಸುಲಿನ್, 10 ಮಿಲಿಯ ಬಾಟಲಿ, ಬೆಳಿಗ್ಗೆ ತಿಂಡಿಗೆ ಮೊದಲು 22 ಯುನಿಟ್, ರಾತ್ರಿ ಊಟಕ್ಕೆ ಮೊದಲು 14 ಯುನಿಟ್. ಅಂದರೆ 14 ದಿನಕ್ಕೆ 28 ಡೋಸುಗಳು.

## ಮೊದಲು ಕೂಡಿಸಿಕೊಳ್ಳಬೇಕಾದವು

ಮೂಲ ನೋಟುಪುಸ್ತಕ, ಡಾಕ್ಟರ ಚೀಟಿ, ಸಕ್ಕರೆ ನೋಡುವ ಯಂತ್ರ, ಈಗ ಬಳಸುತ್ತಿರುವ ಬಾಟಲಿ ಮತ್ತು ಅದರ ಹಿಂದಿನ ಖಾಲಿ ಬಾಟಲಿ, ಸಿರಿಂಜುಗಳ ಪೊಟ್ಟಣ, ಗೆರೆ ಹಾಕಿದ ದೊಡ್ಡ ಹಾಳೆ, ಪೆನ್ಸಿಲ್, ನೀಲಿ ಮತ್ತು ಕೆಂಪು ಬಾಲ್ ಪೆನ್ನು ಇಷ್ಟು ಸಾಕು. ಜೆಲ್ ಪೆನ್ನು ಬೇಡ. ನಮ್ಮ ಕಡೆಯ ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿದು ಆ ಶಾಯಿ ಹರಡುತ್ತದೆ, 3 ಯಾವುದು 8 ಯಾವುದು ಎಂದು ತಿಳಿಯದಂತಾಗುತ್ತದೆ.

ಸಿರಿಂಜಿನ ಪೊಟ್ಟಣವನ್ನು ಕೇಳುವುದಕ್ಕೆ ಕಾರಣವಿದೆ. ಬಾಟಲಿಯ ಮೇಲೆ ಪ್ರತಿ ಮಿಲಿಗೆ 40 ಯುನಿಟ್ ಎಂದಿದ್ದರೆ ಸಿರಿಂಜು ಕೂಡ 40ರ ಅಳತೆಯದೇ, ಅಂದರೆ ಕೆಂಪು ಮುಚ್ಚಳದ್ದೇ ಆಗಿರಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ ಅದೇ ಬಾಟಲಿಯಿಂದ 22ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8.8 ಯುನಿಟ್ ಮಾತ್ರ. ಇಲ್ಲಿ ತಾಳೆಯಾಗದಿದ್ದರೆ ಪಟ್ಟಿ ಮಾಡುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಡಾಕ್ಟರಿಗೆ ತಿಳಿಸಬೇಕು. ಡೋಸಿನ ಅಂಕಿಗಳೇ ಸುಳ್ಳಾದ ಮೇಲೆ ಉಳಿದುದನ್ನು ಬರೆದು ಉಪಯೋಗವಿಲ್ಲ. ಪೆನ್ನಿನಂಥ ಸಾಧನದಲ್ಲಿ ಸೂಜಿ ಹಾಕುವವರಿಗೆ ಈ ತೊಂದರೆ ಬರುವುದಿಲ್ಲ.

## ಹಂತ 1: ದಾಖಲೆಯನ್ನು ಇದ್ದ ಹಾಗೆಯೇ ಇಳಿಸಿಕೊಳ್ಳುವುದು

ಹಾಳೆಯ ಎಡಬದಿಯಲ್ಲಿ ತಾರೀಖುಗಳನ್ನು ಬರೆದು, ಪ್ರತಿ ತಾರೀಖಿಗೆ ಬೆಳಿಗ್ಗೆ ಮತ್ತು ರಾತ್ರಿ ಎಂಬ ಎರಡು ಮನೆ ಮಾಡಬೇಕು. ನೋಟುಪುಸ್ತಕದಲ್ಲಿ ಏನಿದೆಯೋ ಅದನ್ನಷ್ಟೇ, ಯಾರ ಕೈಬರಹ ಎಂಬುದರ ಸಹಿತ, ಪೆನ್ಸಿಲಿನಲ್ಲಿ ಇಳಿಸಿಕೊಳ್ಳಬೇಕು. ಖಾಲಿ ಇದ್ದದ್ದು ಖಾಲಿಯಾಗಿಯೇ ಉಳಿಯಬೇಕು. ಈ ಹಂತದಲ್ಲಿ ಮನೆಯವರನ್ನು ಏನನ್ನೂ ಕೇಳಬೇಡಿ. ಕೇಳಿದರೆ, "ಅದೂ ಕೊಟ್ಟದ್ದೇ, ಬರೆದುಬಿಡಿ ಸಿಸ್ಟರೇ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ದಿನಕ್ಕೆ ಎರಡು ಬಾರಿ ಮಾಡುವ ಕೆಲಸದಲ್ಲಿ ನೆನಪು ಒಂದು ದಿನವನ್ನು ಇನ್ನೊಂದರ ಮೇಲೆ ಹೇರಿಬಿಡುತ್ತದೆ, ಅಷ್ಟೆ.

ಮಾಸ್ತರ ನೋಟುಪುಸ್ತಕದ 28 ಮನೆಗಳಲ್ಲಿ ಮೂರು ಖಾಲಿ ಇದ್ದವು: 3ರ ರಾತ್ರಿ, 9ರ ರಾತ್ರಿ ಮತ್ತು 11ರ ಬೆಳಿಗ್ಗೆ. 6ರ ರಾತ್ರಿಯ ಮನೆಯಲ್ಲಿ "ಸಕ್ಕರೆ 66, ಸೂಜಿ ಇಲ್ಲ" ಎಂದಿತ್ತು. 10ರ ಮನೆಯ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ "12:20, 14" ಎಂದಿತ್ತು. 13ರ ಬೆಳಿಗ್ಗೆ ಬರೀ "22" ಎಂದಿತ್ತು. ಸಮಯವೂ ಇಲ್ಲ, ಜಾಗವೂ ಇಲ್ಲ. ಉಳಿದವು ಸರಿಯಾಗಿದ್ದವು, ಅಥವಾ ಹಾಗೆಂದು ನಾನು ಅಂದುಕೊಂಡಿದ್ದೆ.

## ಹಂತ 2: ಜಾಗಕ್ಕೆ ಸಂಕೇತ ಕೊಡುವುದು, ಎಡ ಬಲ ಬಿಡಿಸುವುದು

ಹೊಟ್ಟೆಯನ್ನು ಹೊಕ್ಕುಳಿನ ಮೂಲಕ ಅಡ್ಡ ಉದ್ದ ಎರಡು ಗೆರೆ ಎಳೆದು ನಾಲ್ಕು ಭಾಗ ಮಾಡಿ. ರೋಗಿಯ ಬಲ ಮೇಲ್ಭಾಗ ಹೊ1, ಎಡ ಮೇಲ್ಭಾಗ ಹೊ2, ಎಡ ಕೆಳಭಾಗ ಹೊ3, ಬಲ ಕೆಳಭಾಗ ಹೊ4. ಹೊಕ್ಕುಳಿನ ಸುತ್ತ ಎರಡು ಬೆರಳಿನಷ್ಟು ಜಾಗವನ್ನು ಬಿಟ್ಟುಬಿಡಬೇಕು. ತೊಡೆಯ ಮುಂಭಾಗದ ಹೊರ ಮಗ್ಗುಲನ್ನು ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಒಡೆದು, ಬಲತೊಡೆಗೆ ತೊ1 ಮತ್ತು ತೊ2, ಎಡತೊಡೆಗೆ ತೊ3 ಮತ್ತು ತೊ4 ಎಂದು ಹೆಸರಿಡಿ. ತೊಡೆಸಂದಿಯ ಹತ್ತಿರ ಮತ್ತು ಮೊಣಕಾಲಿನ ಹತ್ತಿರ ಒಂದೊಂದು ಅಂಗೈ ಅಗಲ ಬಿಡಬೇಕು. ತೋಳು ಮತ್ತು ಪೃಷ್ಠವನ್ನು ಬಳಸುವವರು ಅವಕ್ಕೂ ಹೀಗೆಯೇ ಸಂಕೇತ ಸೇರಿಸಿಕೊಳ್ಳಬಹುದು. ಈ ಮನೆಯಲ್ಲಿ ಅವನ್ನು ಬಳಸಿರಲಿಲ್ಲ.

ನೋಟುಪುಸ್ತಕದ "ಎಡ" ಎಂಬ ಶಬ್ದವನ್ನು ಕಣ್ಣುಮುಚ್ಚಿ ನಂಬಬಾರದು. ಸೂಜಿ ಹಾಕುವವರು ಎದುರು ನಿಂತಿದ್ದರೆ ಅವರ ಎಡವು ರೋಗಿಯ ಬಲ. ಇದನ್ನು ಮಾತಿನಲ್ಲಿ ಕೇಳಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಆದ್ದರಿಂದ ರೋಗಿಯನ್ನು ದಿನವೂ ಕೂರುವ ಕುರ್ಚಿಯಲ್ಲೇ ಕೂರಿಸಿ, ಸೂಜಿ ಹಾಕುವವರನ್ನು ದಿನವೂ ನಿಲ್ಲುವಲ್ಲೇ ನಿಲ್ಲಿಸಿ, ಮುಚ್ಚಳ ಹಾಕಿದ ಪೆನ್ನಿನಿಂದ ಜಾಗವನ್ನು ಮುಟ್ಟಿ ತೋರಿಸಲು ಹೇಳಬೇಕು. ಎಷ್ಟು ಜನ ಸೂಜಿ ಹಾಕಿದ್ದಾರೋ ಅಷ್ಟು ಜನರೂ ತೋರಿಸಬೇಕು.

ಮಾಸ್ತರ ಹೆಂಡತಿ ಪಕ್ಕದಲ್ಲಿ ನಿಂತು ಹಾಕುವವರು, ಅವರ "ಎಡ" ಮಾಸ್ತರ ಎಡವೇ ಆಗಿತ್ತು. ಬೆರಳಿಟ್ಟು ತೋರಿಸಿದ ಜಾಗ ಹೊ3. ಆದರೆ 6ರ ಬೆಳಿಗ್ಗೆಯ ಕೈಬರಹ ಬೇರೆ. ಅಂದು ಮನೆಗೆ ಬಂದಿದ್ದ ಮಗ ಸೂಜಿ ಹಾಕಿ "ಹೊಟ್ಟೆ ಎಡ" ಎಂದು ಬರೆದಿದ್ದ. ಅವನು ಎದುರು ಸ್ಟೂಲಿನ ಮೇಲೆ ಕುಳಿತು ತೋರಿಸಿದ ಜಾಗ ತಂದೆಯ ಬಲಗಡೆ, ಹೊ4. ಸರಿಯಾಗಿದೆ ಎಂದುಕೊಂಡ ದಾಖಲೆಯೊಂದು ಹೀಗೆ ಜಾಗ ಬದಲಿಸಿತು. ಇದರ ಮಹತ್ವ ಐದನೇ ಹಂತದಲ್ಲಿ ತಿಳಿಯುತ್ತದೆ.

## ಹಂತ 3: ಸಮಯವನ್ನು ಸರಿಯಾದ ಮನೆಯಲ್ಲಿ ಕೂರಿಸುವುದು

ಚೀಟಿಯ ಪ್ರಕಾರ ಸೂಜಿಯ ಸಮಯ ಯಾವುದು ಎಂದು ಮೊದಲು ಹಾಳೆಯ ಮೇಲ್ತುದಿಯಲ್ಲಿ ಬರೆಯಿರಿ. ಮಾನವ ಇನ್ಸುಲಿನ್ನಿನ ಮಿಶ್ರಣವನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ತಾಸು ಮೊದಲು ಹಾಕಲು ಹೇಳಿರುತ್ತಾರೆ. ಮಾಸ್ತರು ಬೆಳಿಗ್ಗೆ 8ಕ್ಕೆ ಗಂಜಿ ಅಥವಾ ದೋಸೆ, ರಾತ್ರಿ 8:30ಕ್ಕೆ ಊಟ ಮಾಡುವವರಾದ್ದರಿಂದ 7:30 ಮತ್ತು 8:00 ನಿಗದಿಯಾಗಿತ್ತು. ನಿಗದಿಗಿಂತ ಒಂದು ತಾಸಿನೊಳಗೆ ಹಿಂದೆ ಮುಂದೆ ಆದದ್ದನ್ನು ನಾನು ನೀಲಿಯಲ್ಲಿ ಬರೆಯುತ್ತೇನೆ, ಅದಕ್ಕೂ ಹೊರಗಿನದನ್ನು ಕೆಂಪಿನಲ್ಲಿ. ಈ ಒಂದು ತಾಸು ಪಟ್ಟಿಯ ಅನುಕೂಲಕ್ಕೆ ನಾನು ಇಟ್ಟುಕೊಂಡದ್ದು. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅದನ್ನೇ ಬಳಸಿ.

ಮಧ್ಯರಾತ್ರಿಯ ನಂತರ ಹಾಕಿದ ರಾತ್ರಿಯ ಡೋಸು ತಾರೀಖು ದಾಟಿ ಮರುದಿನದ ಮನೆಗೆ ಹೋಗಿ ಕೂರುತ್ತದೆ. ಆಗ ಹಿಂದಿನ ದಿನ ಒಂದು ಡೋಸು ಬಿಟ್ಟಂತೆಯೂ, ಮರುದಿನ ಮೂರು ಹಾಕಿದಂತೆಯೂ ಕಾಣುತ್ತದೆ. 10ರ ನೆತ್ತಿಯ ಮೇಲಿದ್ದ "12:20, 14" ಅಂಥದ್ದೇ. 9ರ ರಾತ್ರಿ ಊರಿನಲ್ಲಿ ಯಕ್ಷಗಾನದ ಆಟವಿತ್ತು. ಬೇಗ ಉಂಡು ಹೊರಟವರು ಸೂಜಿಯನ್ನು ಮರೆತು, ಆಟದ ನಡುವೆ ಎದ್ದು ಬಂದು ಹಾಕಿಸಿಕೊಂಡಿದ್ದರು. ಆದ್ದರಿಂದ ಅದು ಸೇರಬೇಕಾದದ್ದು 9ರ ರಾತ್ರಿಯ ಮನೆಗೆ, ಆದರೆ ನಿಜವಾದ ಸಮಯದೊಂದಿಗೆ ಮತ್ತು ಕೆಂಪಿನಲ್ಲಿ. 8:00 ಎಂದು ತಿದ್ದಿ ಬರೆದರೆ 10ರ ಬೆಳಿಗ್ಗೆ ಬರಿಹೊಟ್ಟೆಯ ಸಕ್ಕರೆ 76ಕ್ಕೆ ಇಳಿದದ್ದೇಕೆಂದು ಯಾರಿಗೂ ಅರ್ಥವಾಗುವುದಿಲ್ಲ. ಊಟವಾಗಿ ನಾಲ್ಕು ತಾಸಿನ ಮೇಲೆ, ಮುಂದೆ ಊಟವಿಲ್ಲದ ಹೊತ್ತಿನಲ್ಲಿ ಪೂರ್ತಿ ಡೋಸು ಹಾಕಿದ್ದು ಅಪಾಯದ ಕೆಲಸ. ಮರೆತದ್ದು ತಡವಾಗಿ ನೆನಪಾದರೆ ಏನು ಮಾಡಬೇಕೆಂದು ಡಾಕ್ಟರಿಂದ ಮೊದಲೇ ಬರೆಸಿಕೊಂಡಿರಬೇಕು. ಎರಡು ಡೋಸನ್ನು ಸೇರಿಸಿ ಒಟ್ಟಿಗೆ ಹಾಕುವುದಂತೂ ಕೂಡದು.

## ಹಂತ 4: ಖಾಲಿ ಮನೆಗಳ ವಿಚಾರಣೆ

ಪಟ್ಟಿಯಲ್ಲಿ ನಾಲ್ಕೇ ಗುರುತುಗಳು ಇರಲಿ. ಕೊಟ್ಟದ್ದಕ್ಕೆ ✓, ಬಿಟ್ಟುಹೋದದ್ದಕ್ಕೆ ✗, ಗೊತ್ತಿದ್ದೇ ತಡೆಹಿಡಿದದ್ದಕ್ಕೆ ○, ಕೊಟ್ಟರೋ ಇಲ್ಲವೋ ತಿಳಿಯದ್ದಕ್ಕೆ ? . ಬಹಳ ಜನ ಕೊನೆಯ ಗುರುತನ್ನು ಹಾಕಲು ನಾಚುತ್ತಾರೆ. ನನ್ನ ಅನುಭವದಲ್ಲಿ ಪ್ರಶ್ನೆ ಚಿಹ್ನೆ ಒಂದೂ ಇಲ್ಲದ ಪಟ್ಟಿಗಿಂತ ಎರಡು ಮೂರು ಇರುವ ಪಟ್ಟಿಯೇ ಹೆಚ್ಚು ನಂಬಿಕೆಗೆ ಅರ್ಹ.

ಖಾಲಿ ಮನೆಯೊಂದನ್ನು ✗ ಅಥವಾ ✓ ಎಂದು ತೀರ್ಮಾನಿಸಲು ಕನಿಷ್ಠ ಎರಡು ಬೇರೆಬೇರೆ ಸಾಕ್ಷಿಗಳು ಒಂದೇ ಮಾತು ಹೇಳಬೇಕು. ಸಾಕ್ಷಿಗಳು ಮೂರು: ಆ ದಿನ ಏನಾಯಿತೆಂಬ ನೆನಪು, ಸಕ್ಕರೆ ಯಂತ್ರದ ಸ್ಮೃತಿ, ಬಾಟಲಿಯ ಲೆಕ್ಕ.

ನೆನಪನ್ನು ಕೇಳುವಾಗ "ಕೊಟ್ಟಿದ್ದಿರಾ?" ಎಂದು ಕೇಳಬಾರದು, "11ರ ಬೆಳಿಗ್ಗೆ ಎಲ್ಲಿದ್ದಿರಿ?" ಎಂದು ಕೇಳಬೇಕು. ಮಾಸ್ತರ ಹೆಂಡತಿ ಸ್ವಲ್ಪ ಯೋಚಿಸಿ, ಅಂದು ಬೆಳಿಗ್ಗೆ ಮೊದಲ ಬಸ್ಸಿಗೆ ಕುಮಟಾದ ತಂಗಿಯ ಮನೆಗೆ ಹೋಗಿದ್ದೆ ಎಂದರು. ಮಾಸ್ತರಿಗೆ ಸ್ವತಃ ಸೂಜಿ ಹಾಕಿಕೊಳ್ಳುವ ರೂಢಿಯಿಲ್ಲ. 3ರ ರಾತ್ರಿಯ ಬಗ್ಗೆ ಇಬ್ಬರಿಗೂ ಏನೂ ನೆನಪಾಗಲಿಲ್ಲ.

ಯಂತ್ರದ ಸ್ಮೃತಿಯನ್ನು ನೋಡುವ ಮೊದಲು ಅದರ ಗಡಿಯಾರವನ್ನು ಮೊಬೈಲಿನ ಗಡಿಯಾರದೊಂದಿಗೆ ಹೋಲಿಸಬೇಕು. ಬ್ಯಾಟರಿ ಬದಲಿಸಿದ ಮೇಲೆ ಹಲವು ಯಂತ್ರಗಳಲ್ಲಿ ಸಮಯ ತಪ್ಪುತ್ತದೆ, ಕೆಲವೊಮ್ಮೆ ತಾರೀಖೂ ತಪ್ಪುತ್ತದೆ. ಈ ಯಂತ್ರ 40 ನಿಮಿಷ ಹಿಂದಿತ್ತು, ತಾರೀಖು ಸರಿಯಿತ್ತು. 11ರ ರಾತ್ರಿ ಊಟಕ್ಕೆ ಮೊದಲಿನ ಸಕ್ಕರೆ 284. ಬೆಳಗಿನ ಡೋಸು ಬಿಟ್ಟಿದ್ದಕ್ಕೆ ಇದು ಹೊಂದುತ್ತದೆ. 3ರ ರಾತ್ರಿಯದು ಬಿಟ್ಟಿದ್ದರೆ 4ರ ಬರಿಹೊಟ್ಟೆಯ ಅಂಕಿ ಏರಿರಬೇಕಿತ್ತು. ಇದ್ದದ್ದು 152, ಉಳಿದ ಹೆಚ್ಚಿನ ದಿನಗಳ 130ರಿಂದ 165ರ ನಡುವೆಯೇ. ಆದರೆ ಅಂದು ರಾತ್ರಿ ಕಡಿಮೆ ಉಂಡಿದ್ದರೂ ಇಷ್ಟೇ ಬರಬಹುದಾದ್ದರಿಂದ ಇದೊಂದರಿಂದಲೇ ✓ ಹಾಕಲಾಗದು.

ಬಾಟಲಿಯ ಲೆಕ್ಕವನ್ನು ಮಾಡುವವರು ಕಡಿಮೆ, ಆದರೆ ಕಷ್ಟವೇನಿಲ್ಲ. 10 ಮಿಲಿಯ ಬಾಟಲಿಯಲ್ಲಿ ಪ್ರತಿ ಮಿಲಿಗೆ 40ರಂತೆ 400 ಯುನಿಟ್ ಇರುತ್ತದೆ. ಹಳೆಯ ಬಾಟಲಿಯನ್ನು 1ರ ಬೆಳಿಗ್ಗೆ ತೆರೆದದ್ದೆಂದು ಅದರ ಮೇಲೆಯೇ ಬರೆದಿತ್ತು, ಹೊಸದನ್ನು ತೆರೆದದ್ದು 13ರ ಬೆಳಿಗ್ಗೆ. 6ರ ರಾತ್ರಿಯದು ಹಾಕಿಲ್ಲವೆಂಬುದು ಖಚಿತ. ಎರಡೂ ಅನುಮಾನದ ಡೋಸುಗಳನ್ನು ಹಾಕಿದ್ದರೆ 11ರ ರಾತ್ರಿಗೆ 382 ಯುನಿಟ್ ಮುಗಿದು 18 ಮಾತ್ರ ಉಳಿಯುತ್ತಿತ್ತು. 12ರ ಬೆಳಿಗ್ಗೆಯ 22ಕ್ಕೆ ಸಾಲದೆ ಆಗಲೇ ಹೊಸ ಬಾಟಲಿ ತೆರೆಯಬೇಕಾಗುತ್ತಿತ್ತು. 11ರ ಬೆಳಿಗ್ಗೆಯದು ಬಿಟ್ಟಿದ್ದರೆ 12ರ ರಾತ್ರಿಗೆ 396 ಆಗಿ, 13ರ ಬೆಳಿಗ್ಗೆ ಹೊಸದು ಬೇಕಾಗುತ್ತದೆ, ನಡೆದದ್ದೂ ಅದೇ. 3ರ ರಾತ್ರಿಯದನ್ನೂ ಬಿಟ್ಟಿದ್ದರೆ 382 ಆಗಿ, ಆಗಲೂ 13ರ ಬೆಳಿಗ್ಗೆಯೇ ಹೊಸದು ಬೇಕು. ಅಂದರೆ ಬಾಟಲಿ 11ರ ವಿಷಯದಲ್ಲಿ ಮಾತನಾಡುತ್ತದೆ, 3ರ ವಿಷಯದಲ್ಲಿ ಮೌನವಾಗಿರುತ್ತದೆ.

ಈ ಲೆಕ್ಕವನ್ನು ಒಂಟಿಯಾಗಿ ನಂಬಬಾರದು. ಬಾಟಲಿಯಲ್ಲಿ ನಮೂದಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು ಔಷಧ ಇರುವುದುಂಟು, ಗಾಳಿಗುಳ್ಳೆ ತೆಗೆಯುವಾಗ ಸ್ವಲ್ಪ ಹಾಳಾಗುವುದೂ ಉಂಟು. ಒಂದು ಡೋಸಿನಷ್ಟು ವ್ಯತ್ಯಾಸ ಹೀಗೇ ಬರಬಹುದು. ಪೆನ್ನು ಬಳಸುವವರು 300 ಯುನಿಟ್ಟಿನ ಕಾರ್ಟ್ರಿಜ್ ಎಂದು ಹಿಡಿದು, ಪ್ರತಿ ಬಾರಿ ಹೊರಗೆ ಚಿಮ್ಮಿಸಿ ನೋಡುವ 2 ಯುನಿಟ್ಟನ್ನೂ ಲೆಕ್ಕಕ್ಕೆ ಸೇರಿಸಬೇಕು, ಇಲ್ಲವಾದರೆ ಲೆಕ್ಕ ಎಂದೂ ಕೂಡುವುದಿಲ್ಲ.

ಹೀಗಾಗಿ 11ರ ಬೆಳಿಗ್ಗೆಗೆ ✗, ಪಕ್ಕದಲ್ಲಿ "ನಂತರ ವಿಚಾರಿಸಿ ಬರೆದದ್ದು" ಎಂಬ ಟಿಪ್ಪಣಿ. 3ರ ರಾತ್ರಿಗೆ ?, ಅದು ಹಾಗೆಯೇ ಉಳಿಯಿತು. 13ರ ಬೆಳಿಗ್ಗೆ ಹೊಸ ಬಾಟಲಿ ತೆರೆಯುವ ಗಡಿಬಿಡಿಯಲ್ಲಿ ಸಮಯ ಮತ್ತು ಜಾಗ ಬರೆದಿರಲಿಲ್ಲ; ಯುನಿಟ್ ಬರೆದಿದ್ದರಿಂದ ಅದಕ್ಕೆ ✓, ಆದರೆ ಜಾಗದ ಕಡೆ ಗೆರೆ. "ದಿನಾ ಹಾಕುವಲ್ಲೇ ಹಾಕಿದ್ದು" ಎಂಬ ಮಾತಿನ ಮೇಲೆ ಹೊ3 ಎಂದು ತುಂಬಲು ಹೋಗಬಾರದು.

6ರ ರಾತ್ರಿಗೆ ○. ತಡೆಹಿಡಿದದ್ದನ್ನು ✗ ಎಂದು ಬರೆದರೆ ರೋಗಿ ಮರೆಗುಳಿ ಎಂದಾಗುತ್ತದೆ, ಸಕ್ಕರೆ ಇಳಿದ ಸಂಗತಿ ಮುಚ್ಚಿಹೋಗುತ್ತದೆ. ○ ಇರುವಲ್ಲೆಲ್ಲ ಸಕ್ಕರೆಯ ಅಂಕಿ, ಯಾರು ಬೇಡವೆಂದರು, ಏನು ಕೊಟ್ಟರು ಎಂಬುದನ್ನು ಬರೆಯಬೇಕು. ಸಕ್ಕರೆ 70ಕ್ಕಿಂತ ಇಳಿದಾಗ ಮೊದಲ ಕೆಲಸ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡುವುದು. ಅದರ ಮೇಲೆ ರಾತ್ರಿಯ ಡೋಸನ್ನು ಎಷ್ಟು ಹಾಕಬೇಕು ಅಥವಾ ಬಿಡಬೇಕು ಎಂಬುದನ್ನು ಡಾಕ್ಟರಿಗೆ ಫೋನು ಮಾಡಿ ಕೇಳಬೇಕು. ಇಲ್ಲಿ ಕೇಳಿರಲಿಲ್ಲ, ಅದನ್ನೂ ಹಾಗೆಯೇ ಬರೆದೆ.

ಅನುಮಾನದ ದಿನಗಳ ಸಾಲುಗಳು ಕೊನೆಗೆ ಹೀಗಾದವು:

| ತಾರೀಖು | ಬೆಳಿಗ್ಗೆ (22) | ರಾತ್ರಿ (14) |
|---|---|---|
| 3 | ✓ 7:35, ಹೊ3 | ? |
| 6 | ✓ 7:40, ಹೊ4, ಮಗ ಹಾಕಿದ್ದು | ○ ಸಕ್ಕರೆ 66, ಡಾಕ್ಟರನ್ನು ಕೇಳಿಲ್ಲ |
| 9 | ✓ 7:30, ಹೊ3 | ✓ 12:20 ಮಧ್ಯರಾತ್ರಿ (ಕೆಂಪು), ತೊ1 |
| 11 | ✗ ನಂತರ ವಿಚಾರಿಸಿ ಬರೆದದ್ದು. ಸಂಜೆ 284 | ✓ 8:10, ತೊ1 |
| 13 | ✓ ಸಮಯ –, ಜಾಗ – | ✓ 8:00, ತೊ3 |

9ರ ರಾತ್ರಿಯ ಜಾಗ ನೋಟುಪುಸ್ತಕದ ಅಂಚಿನಲ್ಲಿತ್ತು, ನಾನು ಊಹಿಸಿದ್ದಲ್ಲ. ಒಟ್ಟು ಲೆಕ್ಕ ಹಾಳೆಯ ಕೆಳಗೆ: 28ರಲ್ಲಿ ಕೊಟ್ಟದ್ದು 25, ಬಿಟ್ಟದ್ದು 1, ತಡೆಹಿಡಿದದ್ದು 1, ತಿಳಿಯದ್ದು 1. ಈ ನಾಲ್ಕರ ಮೊತ್ತ 28 ಆಗದಿದ್ದರೆ ಎಲ್ಲೋ ಒಂದು ಡೋಸು ಎರಡು ಮನೆಗಳಲ್ಲಿ ಕುಳಿತಿದೆ ಅಥವಾ ಒಂದು ಮನೆ ಎಣಿಕೆಯಲ್ಲಿ ಬಿಟ್ಟುಹೋಗಿದೆ ಎಂದರ್ಥ. ಮಧ್ಯರಾತ್ರಿಯ ಡೋಸುಗಳನ್ನು ಮೊದಲು ನೋಡಿ.

## ಹಂತ 5: ಮೈಯ ನಕ್ಷೆಯ ಮೇಲೆ ಇಳಿಸುವುದು

ಹಾಳೆಯ ಕೆಳ ಅರ್ಧದಲ್ಲಿ ಹೊಟ್ಟೆಗೆ ನಾಲ್ಕು ಚೌಕ, ತೊಡೆಗಳಿಗೆ ನಾಲ್ಕು ಉದ್ದನೆಯ ಮನೆ ಬರೆಯಿರಿ. ಕಾಗದವನ್ನು ನೋಡುವವರ ಎಡಕ್ಕೆ ರೋಗಿಯ ಬಲ ಬರುತ್ತದೆ. ಆದ್ದರಿಂದ ಎರಡೂ ಬದಿಗೆ "ರೋಗಿಯ ಬಲ", "ರೋಗಿಯ ಎಡ" ಎಂದು ಪೂರ್ತಿ ಶಬ್ದದಲ್ಲಿ ಬರೆಯಬೇಕು. ನಂತರ ಪ್ರತಿ ✓ಗೂ ಆಯಾ ಚೌಕದಲ್ಲಿ ಒಂದು ಚುಕ್ಕೆ ಇಟ್ಟು ಪಕ್ಕದಲ್ಲಿ ತಾರೀಖು ಬರೆಯಿರಿ, ಬೆಳಗಿನದು ನೀಲಿ, ರಾತ್ರಿಯದು ಕೆಂಪು. ಜಾಗ ತಿಳಿಯದ ಡೋಸನ್ನು ನಕ್ಷೆಯ ಹೊರಗೆ, ಅಂಚಿನಲ್ಲಿ ಬರೆಯಬೇಕು.

ಮಾಸ್ತರ ನಕ್ಷೆಯಲ್ಲಿ ಬೆಳಗಿನ 12 ಚುಕ್ಕೆಗಳಲ್ಲಿ 10 ಹೊ3ರಲ್ಲೇ, ಅದೂ ನಾಲ್ಕು ಬೆರಳಿನ ಅಗಲದೊಳಗೆ ಗುಂಪಾಗಿ ಬಿದ್ದವು. ಹೊ2ರಲ್ಲಿ ಒಂದು, ಹೊ4ರಲ್ಲಿ ಮಗ ಹಾಕಿದ್ದೊಂದು. ರಾತ್ರಿಯ 12ರಲ್ಲಿ 9 ಬಲತೊಡೆಯ ತೊ1ರಲ್ಲಿ, 3 ಎಡತೊಡೆಯ ತೊ3ರಲ್ಲಿ. ನೋಟುಪುಸ್ತಕವನ್ನು ಓದಿದಾಗ "ಹೊಟ್ಟೆ, ತೊಡೆ, ಹೊಟ್ಟೆ, ತೊಡೆ" ಎಂದಿದ್ದು ಜಾಗ ಬದಲಿಸುತ್ತಿದ್ದಾರೆ ಎಂದೇ ತೋರುತ್ತಿತ್ತು.

ಚುಕ್ಕೆಗಳು ಗುಂಪಾದಲ್ಲಿ ಕೈಯಿಟ್ಟು ನೋಡಬೇಕು. ರೋಗಿಯನ್ನು ಕಿಟಕಿಯ ಬೆಳಕು ಮಗ್ಗುಲಿನಿಂದ ಬೀಳುವಂತೆ ನಿಲ್ಲಿಸಿ ಮೊದಲು ಕಣ್ಣಿನಿಂದ, ನಂತರ ಬೆರಳ ತುದಿಗೆ ಸ್ವಲ್ಪ ಎಣ್ಣೆ ಅಥವಾ ಸಾಬೂನು ನೊರೆ ಸವರಿಕೊಂಡು ಒತ್ತುತ್ತ, ಮೆತ್ತಗಿನ ಚರ್ಮದಿಂದ ಗುಂಪಿನ ಕಡೆಗೆ ಸಾಗಬೇಕು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಸೂಜಿ ಬಿದ್ದರೆ ಚರ್ಮದ ಕೆಳಗಿನ ಕೊಬ್ಬು ಉಬ್ಬಿ ರಬ್ಬರಿನಂಥ ಗಂಟು ಆಗುತ್ತದೆ. ಅಲ್ಲಿ ನೋವು ಕಡಿಮೆಯಾದ್ದರಿಂದ ರೋಗಿಯೇ "ಅಲ್ಲೇ ಹಾಕು" ಎನ್ನುತ್ತಾನೆ. ಆ ಗಂಟಿನಿಂದ ಇನ್ಸುಲಿನ್ ರಕ್ತಕ್ಕೆ ಸೇರುವುದು ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ, ಸಾಮಾನ್ಯವಾಗಿ ಕಡಿಮೆಯೇ. ಸಕ್ಕರೆ ಇಳಿಯಲಿಲ್ಲವೆಂದು ಡೋಸನ್ನು ಏರಿಸುತ್ತ ಹೋಗುತ್ತಾರೆ.

ಮಾಸ್ತರ ಹೊ3ರಲ್ಲಿ ಸುಮಾರು ಮೂರು ಬೆರಳು ಅಗಲದ ಗಂಟು ಇತ್ತು. ಈಗ 6ನೇ ತಾರೀಖನ್ನು ಮತ್ತೆ ನೋಡಿ. ಅಂದು ಬೆಳಿಗ್ಗೆ ಅದೇ 22 ಯುನಿಟ್, ಗಂಟಿಲ್ಲದ ಹೊ4ಕ್ಕೆ ಬಿತ್ತು. ಸಂಜೆ ಸಕ್ಕರೆ 66. ಮಗನ "ಎಡ"ವನ್ನು ಬಿಡಿಸದೆ ಹೊ3 ಎಂದೇ ಬರೆದಿದ್ದರೆ ಈ ಎರಡು ಸಂಗತಿಗಳು ಪಕ್ಕಪಕ್ಕಕ್ಕೆ ಬರುತ್ತಲೇ ಇರಲಿಲ್ಲ. ಒಂದೇ ದಿನದ ಅಂಕಿಯಿಂದ ಏನೂ ಸಾಬೀತಾಗುವುದಿಲ್ಲ, ಅಂದು ಹೆಚ್ಚು ನಡೆದಿರಬಹುದು ಅಥವಾ ಮಧ್ಯಾಹ್ನ ಕಡಿಮೆ ಉಂಡಿರಬಹುದು. ಆದರೆ ಡಾಕ್ಟರ ಕಣ್ಣು ಮೊದಲು ಹೋಗಬೇಕಾದ ಸಾಲು ಅದೇ. ಹಾಗಾಗಿ ಅದರ ಪಕ್ಕ ಬಾಣದ ಗುರುತು ಹಾಕಿದೆ.

## ಹಂತ 6: ಮುಂದಿನ ಸರದಿಯನ್ನು ಬರೆಯುವುದು

ಗಂಟು ಸಿಕ್ಕ ಮನೆಯಲ್ಲಿ ಈ ಹಂತವನ್ನು ಡಾಕ್ಟರನ್ನು ಕಂಡ ನಂತರವೇ ಮಾಡಬೇಕು. ಗಂಟಿನಲ್ಲಿ ಹಾಕುತ್ತಿದ್ದ ಡೋಸನ್ನು ಒಮ್ಮೆಲೇ ಒಳ್ಳೆಯ ಚರ್ಮಕ್ಕೆ ಅಷ್ಟೇ ಪ್ರಮಾಣದಲ್ಲಿ ಹಾಕಿದರೆ ಸಕ್ಕರೆ ತೀರ ಇಳಿಯಬಹುದು. ಡೋಸನ್ನು ಇಳಿಸಬೇಕೇ, ಎಷ್ಟು ಎಂಬುದು ಡಾಕ್ಟರ ತೀರ್ಮಾನ, ಮನೆಯವರದೂ ಅಲ್ಲ, ನನ್ನದೂ ಅಲ್ಲ. ಬದಲಿಸಿದ ಮೊದಲ ವಾರಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ನೋಡಬೇಕಾಗುತ್ತದೆ.

ಜಾಗ ಬದಲಿಸಿ ಎಂದೊಡನೆ ಇಂದು ಬೆಳಿಗ್ಗೆ ಹೊಟ್ಟೆ, ನಾಳೆ ಬೆಳಿಗ್ಗೆ ತೊಡೆ ಎಂದು ಸುತ್ತಿಸುವವರಿದ್ದಾರೆ. ಮಾನವ ಇನ್ಸುಲಿನ್ ಹೊಟ್ಟೆಯಿಂದ ಬೇಗ, ತೊಡೆಯಿಂದ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ಹೀಗೆ ಮಾಡಿದರೆ ಸಕ್ಕರೆಯ ಅಂಕಿಗಳು ಕುಣಿಯುತ್ತವೆ. ಬೆಳಿಗ್ಗೆ ಯಾವಾಗಲೂ ಹೊಟ್ಟೆ, ರಾತ್ರಿ ಯಾವಾಗಲೂ ತೊಡೆ ಎಂದಿರಲಿ. ಬದಲಾವಣೆ ಆ ಭಾಗದ ಒಳಗೆ ಮಾತ್ರ. ರಾತ್ರಿಯ ಮಿಶ್ರಣಕ್ಕೆ ತೊಡೆಯ ನಿಧಾನವೇ ಒಳ್ಳೆಯದು, ನಿದ್ದೆಯಲ್ಲಿ ಸಕ್ಕರೆ ಇಳಿಯುವ ಭಯ ಕಡಿಮೆ. ಆದರೆ ತೊಡೆಗೆ ಸೂಜಿ ಹಾಕಿಸಿಕೊಂಡು ಕೂಡಲೇ ಬೀಸಾಗಿ ನಡೆದರೆ ಆ ನಿಧಾನ ಉಳಿಯುವುದಿಲ್ಲ.

ಎಣಿಕೆ ಹೀಗೆ. ಒಂದು ಚುಕ್ಕೆಗೂ ಮತ್ತೊಂದಕ್ಕೂ ಒಂದು ಬೆರಳಿನ ಅಗಲ, ಅಂದರೆ ಕನಿಷ್ಠ 1 ಸೆಂಟಿಮೀಟರ್ ಅಂತರವಿರಬೇಕು, ಮತ್ತು ಅದೇ ಚುಕ್ಕೆಗೆ ನಾಲ್ಕು ವಾರಕ್ಕೆ ಮೊದಲು ಮರಳಬಾರದು. ನಾಲ್ಕೂ ಭಾಗ ಚೆನ್ನಾಗಿದ್ದರೆ ಒಂದೊಂದರಲ್ಲಿ ಏಳು ಚುಕ್ಕೆ, ವಾರಕ್ಕೊಂದು ಭಾಗ. 28 ದಿನಕ್ಕೆ ಸುತ್ತು ಮುಗಿಯುತ್ತದೆ. ಮಾಸ್ತರ ತೊಡೆಗಳಿಗೆ ಈ ಲೆಕ್ಕವೇ ಸಾಕಾಯಿತು: ತೊ1ರಲ್ಲಿ ಚುಕ್ಕೆಗಳು ಹೆಚ್ಚಿದ್ದರೂ ಗಂಟು ಸಿಗಲಿಲ್ಲ, ಆದ್ದರಿಂದ ಅದನ್ನು ಸರದಿಯ ಕೊನೆಗೆ ಇಟ್ಟೆ. ಹೊಟ್ಟೆಯಲ್ಲಿ ಹೊ3 ಬಳಕೆಗೆ ಇಲ್ಲ, ಮೂರೇ ಭಾಗ. ಏಳರಂತೆ ಹಾಕಿದರೆ 21 ದಿನಕ್ಕೇ ಹಳೆಯ ಚುಕ್ಕೆಗೆ ಮರಳಿಬಿಡುತ್ತೇವೆ. ಆದ್ದರಿಂದ ಪ್ರತಿ ಭಾಗಕ್ಕೆ ಹತ್ತು ಚುಕ್ಕೆ, ಮೂರು, ಮೂರು, ನಾಲ್ಕು ಎಂದು ಮೂರು ಸಾಲು, ಹತ್ತು ದಿನಕ್ಕೊಂದು ಭಾಗ, 30 ದಿನದ ಸುತ್ತು. ಚುಕ್ಕೆಗಳಿಗೆ ಮೊದಲೇ ತಾರೀಖು ಬರೆದಿಟ್ಟರೆ ಸೂಜಿ ಹಾಕುವವರು ಯೋಚಿಸಬೇಕಾಗಿಲ್ಲ. ಆದರೆ ✓ ಹಾಕುವುದು ಸೂಜಿ ಹೊರತೆಗೆದ ಮೇಲೆ, ಮೊದಲಲ್ಲ.

ಹೊ3ರ ಚೌಕಕ್ಕೆ ಅಡ್ಡಗೆರೆ ಎಳೆದು, ಗಂಟಿನ ಅಳತೆ ಮತ್ತು ನೋಡಿದ ತಾರೀಖನ್ನು ಅದರೊಳಗೆ ಬರೆಯಬೇಕು. ಬಿಟ್ಟರೆ ಗಂಟು ಕರಗಲು ತಿಂಗಳುಗಳೇ ಹಿಡಿಯುತ್ತವೆ. ಪ್ರತಿ ತಿಂಗಳು ಅದೇ ಕೈ ಮುಟ್ಟಿ ನೋಡಿ ಅಳತೆ ಬರೆಯುವುದು ಒಳ್ಳೆಯದು.

## ಪಟ್ಟಿಯನ್ನು ಬದಿಗಿಟ್ಟು ಡಾಕ್ಟರಿಗೆ ಫೋನು ಮಾಡಬೇಕಾದ ಹೊತ್ತು

ಸಕ್ಕರೆ 70ಕ್ಕಿಂತ ಇಳಿದು ಸಕ್ಕರೆ ನೀರು ಕುಡಿಸಿದರೂ ಏರದಿದ್ದರೆ, ರೋಗಿ ಬೆವರಿ ನಡುಗುತ್ತ ಮಾತು ತೊದಲಿದರೆ ಕಾಯಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಸೂಜಿ ಹಾಕಿದಲ್ಲಿ ಕೆಂಪಾಗಿ ಬಿಸಿಯಾಗಿ ಕೀವು ಕಂಡರೆ ಅದು ಗಂಟಲ್ಲ, ಸೋಂಕು. ಎರಡು ಡೋಸು ಸಾಲಾಗಿ ✗ ಆಗಿ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಅದೂ ತುರ್ತು.

ಮಾಸ್ತರ ಮನೆಯ ಹಾಳೆಯನ್ನು ಅವರು ಕಾರವಾರಕ್ಕೆ ಡಾಕ್ಟರ ಹತ್ತಿರ ಒಯ್ಯುವಾಗ ಮೂಲ ನೋಟುಪುಸ್ತಕವನ್ನೂ ಜೊತೆಗೆ ಕಳಿಸಿದೆ. ಅದರಲ್ಲಿ 3ರ ರಾತ್ರಿಯ ಮನೆ ಇನ್ನೂ ಖಾಲಿಯೇ ಇತ್ತು. ಹೆಂಡತಿ ಪೆನ್ನು ತೆಗೆದುಕೊಂಡು ಅದನ್ನು ತುಂಬಲು ಹೊರಟಾಗ, "ಬೇಡಮ್ಮಾ, ಅದನ್ನು ಹಾಗೇ ಬಿಡಿ" ಎಂದು ತಡೆಯಬೇಕಾಯಿತು.